ಬ್ಯಾಂಕಿನಲ್ಲಿ ಎಷ್ಟು ತಿಂಗಳ ದುಡ್ಡಿದೆ?

ಟೌನ್‌ಹಾಲ್ ಅಂದರೆ ನಮ್ಮ ಕಡೆ ಸನ್ಮಾನ, ನಾಟಕ ನಡೆಯುವ ಪುರಭವನ. ಕಂಪನಿಗಳಲ್ಲಿ ಅದೇ ಹೆಸರು ಬೇರೆ ಕೆಲಸಕ್ಕೆ ಬಳಕೆಯಲ್ಲಿದೆ. ಸಂಸ್ಥೆ ಕಟ್ಟಿದವರು ಎಲ್ಲ ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿಕೊಂಡು ಮಾತಾಡುವ ಸಭೆಗೆ ಟೌನ್‌ಹಾಲ್ ಅನ್ನುತ್ತಾರೆ. ನಾವು ಸುದ್ದಿ ಕಳಿಸುವ ವೆಬ್ ಸುದ್ದಿಸಂಸ್ಥೆಯಲ್ಲೂ ಅಂಥದ್ದೊಂದು ಸಭೆ ನಡೆಯಿತು. ಬಿಡಿ ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆಯುವ ನಮ್ಮಂಥ ಸ್ಟ್ರಿಂಗರ್‌ಗಳನ್ನು ಯಾವತ್ತೂ ಕರೆಯದವರು, ಈ ಸಲ ಜೂಮ್ ಲಿಂಕ್ ಕಳಿಸಿದ್ದರು. ಆಗಲೇ ನಮಗೆ ಅನುಮಾನ ಬಂತು.

ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಚಹಾದಂಗಡಿಯಲ್ಲಿ ನಾವು ಮೂವರು ಒಂದೇ ಮೊಬೈಲ್ ಮುಂದೆ ಕೂತು ನೋಡಿದೆವು. ಸ್ಥಾಪಕರು ಚೆನ್ನಾಗಿಯೇ ಮಾತಾಡಿದರು. ಸುತ್ತಿಬಳಸಲಿಲ್ಲ. ಹೊಸಬರು ಹಣ ಹಾಕಲು ಮುಂದೆ ಬರುತ್ತಿಲ್ಲ, ಜಾಹೀರಾತು ಕಡಿಮೆಯಾಗಿದೆ, ಹಾಗಾಗಿ ಖರ್ಚು ಇಳಿಸುತ್ತೇವೆ, ಹೊಸ ನೇಮಕಾತಿ ನಿಲ್ಲಿಸುತ್ತೇವೆ, ಸಂಬಳದ ಪಟ್ಟಿಯಲ್ಲಿರುವ 40 ಜನರಲ್ಲಿ ಒಬ್ಬರನ್ನೂ ತೆಗೆಯುವುದಿಲ್ಲ ಅಂದರು. ಬೆಂಗಳೂರಿನ ಕಚೇರಿಯಲ್ಲಿ ಕೂತಿದ್ದವರು ಚಪ್ಪಾಳೆ ಹೊಡೆದದ್ದು ಕೇಳಿಸಿತು.

ಅವರು ತೋರಿಸಿದ ಲೆಕ್ಕವನ್ನು ಅಂಕಿ ದುಂಡಗೆ ಮಾಡಿ ಇಲ್ಲಿ ಹೇಳುತ್ತೇವೆ. ಬ್ಯಾಂಕಿನಲ್ಲಿ 3 ಕೋಟಿ 60 ಲಕ್ಷ ರೂಪಾಯಿ ಇದೆ. ತಿಂಗಳ ಖರ್ಚು 60 ಲಕ್ಷ, ತಿಂಗಳ ಆದಾಯ 20 ಲಕ್ಷ. ಅಂದರೆ ಪ್ರತಿ ತಿಂಗಳು ಗಂಟಿನಿಂದ 40 ಲಕ್ಷ ಕರಗುತ್ತದೆ. ಹೀಗೇ ಹೋದರೆ 9 ತಿಂಗಳಿಗೆ ಖಾಲಿ. ಈ 9 ತಿಂಗಳಿಗೆ ಅವರ ಭಾಷೆಯಲ್ಲಿ ‘ರನ್‌ವೇ’ ಅನ್ನುತ್ತಾರೆ. ವಿಮಾನ ಮೇಲೇಳುವ ಮೊದಲು ಓಡಲು ಉಳಿದಿರುವ ದಾರಿ ಅಂತ. ಖರ್ಚನ್ನು 48 ಲಕ್ಷಕ್ಕೆ ಇಳಿಸಿದರೆ ಕರಗುವುದು 28 ಲಕ್ಷ ಮಾತ್ರ, ದಾರಿ ಸುಮಾರು 13 ತಿಂಗಳಿಗೆ ಉದ್ದವಾಗುತ್ತದೆ.

ಲೆಕ್ಕ ಸರಿಯೇ ಇದೆ. ಆದರೆ ಆದಾಯ 20 ಲಕ್ಷ ಇದ್ದಲ್ಲೇ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ಅದು ನಿಂತಿದೆ. ಜಾಹೀರಾತು ಕಡಿಮೆಯಾಗಿದೆ ಅಂದವರೂ ಅವರೇ. ಆದಾಯ 12 ಲಕ್ಷಕ್ಕೆ ಇಳಿದರೆ, 48 ಲಕ್ಷದ ಖರ್ಚಿನಲ್ಲೂ ತಿಂಗಳಿಗೆ 36 ಲಕ್ಷ ಕರಗುತ್ತದೆ. ಆಗ ಉಳಿಯುವುದು 10 ತಿಂಗಳು. ಇಷ್ಟೆಲ್ಲ ಕಡಿತ ಮಾಡಿ ಗಳಿಸಿದ್ದು ಒಂದೇ ತಿಂಗಳು! ಆದ್ದರಿಂದ ಯಾರಾದರೂ ‘ನಮ್ಮಲ್ಲಿ 13 ತಿಂಗಳ ದುಡ್ಡಿದೆ’ ಅಂದರೆ, ಎಷ್ಟು ಆದಾಯ ಬರುತ್ತದೆ ಅಂದುಕೊಂಡು ಈ ಲೆಕ್ಕ ಹಾಕಿದಿರಿ ಅಂತ ಕೇಳಬೇಕು. ಬಿಲ್ ಬರೆದ ದುಡ್ಡೋ, ಖಾತೆಗೆ ಬಂದ ದುಡ್ಡೋ ಅಂತಲೂ ಕೇಳಬೇಕು. ಜಾಹೀರಾತಿನ ಬಿಲ್ ಬರೆದ ದಿನವೇ ದುಡ್ಡು ಬರುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಸಂಬಳ ಮಾತ್ರ ಹೇಳಿದ ತಾರೀಕಿಗೇ ಕೊಡಬೇಕು.

ಇನ್ನು, ಆ 12 ಲಕ್ಷ ಎಲ್ಲಿಂದ ಉಳಿಯಿತು? ಕಚೇರಿಯ ಒಂದು ಮಹಡಿ ಬಿಟ್ಟುಕೊಟ್ಟದ್ದಕ್ಕೆ 3 ಲಕ್ಷ. ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ದುಡ್ಡು ಕೊಟ್ಟು ಮಾಡುತ್ತಿದ್ದ ಪ್ರಚಾರ ನಿಂತದ್ದಕ್ಕೆ 5 ಲಕ್ಷ. ಸ್ಥಾಪಕರು ಸಂಬಳ ಬಿಟ್ಟು, ಹಿರಿಯರು ಸ್ವಲ್ಪ ಇಳಿಸಿಕೊಂಡದ್ದಕ್ಕೆ 2 ಲಕ್ಷ. ಇಷ್ಟಕ್ಕೆ ಅವರನ್ನು ಮೆಚ್ಚಲೇಬೇಕು. ಕೊನೆಯಲ್ಲಿ ‘ಕಂಟೆಂಟ್ ವೆಚ್ಚದ ಮರುಹೊಂದಾಣಿಕೆ’ ಅನ್ನುವ ಸಾಲಿನ ಎದುರು 2 ಲಕ್ಷ ಇತ್ತು. ಆ ಸಾಲು ಪರದೆಯ ಮೇಲೆ ಅರ್ಧ ನಿಮಿಷವೂ ನಿಲ್ಲಲಿಲ್ಲ.

ಆ ಸಾಲು ನಾವು. ಎಲ್ಲ ಜಿಲ್ಲೆ ಸೇರಿ 70 ಸ್ಟ್ರಿಂಗರ್‌ಗಳಿಗೆ ತಿಂಗಳಿಗೆ 6 ಲಕ್ಷ ಹೋಗುತ್ತಿತ್ತು. ಅದು 4 ಲಕ್ಷಕ್ಕೆ ಇಳಿಯಿತು. ಒಂದು ಸುದ್ದಿಗೆ 300 ಇದ್ದದ್ದು 200 ಆಯಿತು. ಒಟ್ಟು ಉಳಿತಾಯದಲ್ಲಿ ನಮ್ಮ ಪಾಲು ಆರರಲ್ಲಿ ಒಂದು, ಆದರೆ ನಮ್ಮ ದುಡಿಮೆಯಲ್ಲಿ ಹೋದದ್ದು ಮೂರರಲ್ಲಿ ಒಂದು. ಒಬ್ಬರನ್ನೂ ತೆಗೆದಿಲ್ಲ ಅನ್ನುವ ಮಾತೇನೋ ನಿಜ. ನಾವು ಸಂಬಳದ ಪಟ್ಟಿಯಲ್ಲೇ ಇಲ್ಲದವರು, ನಮ್ಮನ್ನು ತೆಗೆಯುವುದಾದರೂ ಎಲ್ಲಿಂದ?

ನೇಮಕಾತಿ ನಿಲ್ಲಿಸುವುದರ ಬಗ್ಗೆ ಒಂದು ಮಾತು. ಅದು ಘೋಷಿಸಿದ ದಿನ ಒಂದು ರೂಪಾಯಿಯನ್ನೂ ಉಳಿಸುವುದಿಲ್ಲ. ಈಗಾಗಲೇ ಇರುವವರ ಸಂಬಳ ಕೊಡಲೇಬೇಕು. ಮುಂದೆ ಆಗಬಹುದಾಗಿದ್ದ ಖರ್ಚು ನಿಲ್ಲುತ್ತದೆ ಅಷ್ಟೆ. ನಿಜವಾದ ಉಳಿತಾಯ ಶುರುವಾಗುವುದು ಯಾರಾದರೂ ತಾವಾಗಿ ಕೆಲಸ ಬಿಟ್ಟು, ಆ ಕುರ್ಚಿ ಖಾಲಿ ಉಳಿದಾಗ. ಮೊದಲು ಬಿಡುವವರು ಯಾರು? ಬೇರೆ ಕಡೆ ಬೇಗ ಕೆಲಸ ಸಿಗುವವರು. ಹೀಗಾಗಿ ಸಂಸ್ಥೆಗೆ ಯಾವ ಕುರ್ಚಿ ಬೇಡವೋ ಅದು ಖಾಲಿಯಾಗುವುದಿಲ್ಲ, ಯಾವುದು ಬೇಕೋ ಅದೇ ಆಗುತ್ತದೆ. ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳ ಸುದ್ದಿ ತಿದ್ದಲು ಇಬ್ಬರು ಉಪಸಂಪಾದಕರಿದ್ದರು. ಸಭೆಯಾಗಿ ಮೂರನೇ ವಾರಕ್ಕೆ ಒಬ್ಬರು ಹೈದರಾಬಾದಿನ ಕೆಲಸಕ್ಕೆ ಹೋದರು. ಈಗ ನಾವು ಬೆಳಿಗ್ಗೆ 11 ಗಂಟೆಗೆ ಕಳಿಸಿದ ತುಂಗಭದ್ರಾ ಕಾಲುವೆಯ ನೀರಿನ ಸುದ್ದಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತದೆ. ಅಷ್ಟರಲ್ಲಿ ರೈತರಿಗೆ ವಾಟ್ಸಾಪ್‌ನಲ್ಲಿ ಅದು ಹಳೆಯದಾಗಿರುತ್ತದೆ. ತೀರಾ ಬೇಕಾದ ಕುರ್ಚಿಯನ್ನು ತುಂಬಲು ಯಾರ ಸಹಿ ಬೇಕು ಅಂತ ಭಾಷಣದಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಡೆಸ್ಕಿನವರು ಅವತ್ತೇ ಅರ್ಜಿ ಹಾಕುತ್ತಿದ್ದರು.

ಇಂಥ ಮಾತು ಮುಂದೆ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಲು ದೊಡ್ಡ ಕಂಪನಿಯೊಂದರ ಕಥೆ ಇದೆ. ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಅಮೆರಿಕದ ಏರ್‌ಬಿಎನ್‌ಬಿ, ಕೊರೊನಾ ಬಂದ 2020ರ ಮಾರ್ಚ್‌ನಲ್ಲಿ ಪ್ರಚಾರದ ಖರ್ಚು ನಿಲ್ಲಿಸಿತು, ನೇಮಕಾತಿ ನಿಲ್ಲಿಸಿತು. ಸ್ಥಾಪಕರು 6 ತಿಂಗಳು ಸಂಬಳ ಬಿಟ್ಟರು. ಹಿರಿಯ ಅಧಿಕಾರಿಗಳು ಅರ್ಧ ಸಂಬಳಕ್ಕೆ ಇಳಿದರು. ಸಿಬ್ಬಂದಿ ಕೆಲಸ ಹೋಗುತ್ತದೆಯೇ ಅಂತ ಕೇಳಿದಾಗ, ಮುಖ್ಯಸ್ಥ ಬ್ರಯಾನ್ ಚೆಸ್ಕಿ ಇಲ್ಲ ಅನ್ನಲಿಲ್ಲ. ಯಾವ ದಾರಿಯನ್ನೂ ಮುಚ್ಚಿಲ್ಲ ಅಂದಿದ್ದರು. ಮೇ 5ರಂದು ಸುಮಾರು 7,500 ಜನರಲ್ಲಿ 1,900 ಜನರನ್ನು ಕೈಬಿಟ್ಟರು. ಆ ದಿನದ ಪತ್ರದಲ್ಲಿ ಯಾವ ವಿಭಾಗ ಏಕೆ ಕಿರಿದಾಗುತ್ತದೆ, ಹೋಗುವವರಿಗೆ ಎಷ್ಟು ಸಿಗುತ್ತದೆ ಅಂತ ಬರೆದಿದ್ದರು. ಅಮೆರಿಕದವರಿಗೆ 14 ವಾರದ ಮೂಲ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಇನ್ನೊಂದು ವಾರದ್ದು, ಒಂದು ವರ್ಷದ ಆರೋಗ್ಯ ವಿಮೆ. ಅಂದರೆ ನೇಮಕಾತಿ ನಿಲ್ಲಿಸಿ ಎರಡು ತಿಂಗಳಾಗುವುದರೊಳಗೆ ನಾಲ್ಕರಲ್ಲಿ ಒಬ್ಬರು ಹೊರಗೆ. ‘ಒಬ್ಬರನ್ನೂ ತೆಗೆಯುವುದಿಲ್ಲ’ ಅನ್ನುವ ಮಾತಿಗಿಂತ ‘ಯಾವ ದಾರಿಯನ್ನೂ ಮುಚ್ಚಿಲ್ಲ’ ಅನ್ನುವುದು ಕೇಳಲು ಕಹಿ. ಆದರೂ ನಮಗೆ ಎರಡನೆಯದೇ ಮೇಲು ಅನ್ನಿಸುತ್ತದೆ. ಅದನ್ನು ಕೇಳಿದವರು ಸಾಲ ಮಾಡಿ ಹೊಸ ಬೈಕ್ ಕೊಳ್ಳುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ನಮ್ಮ ಸಭೆಯ ಕೊನೆಗೆ ಪ್ರಶ್ನೆ ಕೇಳಿ ಅಂದರು. ಬೆಂಗಳೂರಿನವರು ವರ್ಕ್ ಫ್ರಂ ಹೋಂ ಬಗ್ಗೆ ಕೇಳಿದರು. ಗಂಗಾವತಿಯ ನಮ್ಮ ಗೆಳೆಯ ಮೈಕ್ ಒತ್ತಿ, ‘ಸರ, ಮೂರು ತಿಂಗಳದ್ದು ನಮ್ಮ ಬಾಕಿ ಐತ್ರೀ. ಅದು ಈ ಲೆಕ್ಕದಾಗ ಎಲ್ಲೈತಿ?’ ಅಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಿಂಗಳಿಗೆ 6 ಲಕ್ಷದಂತೆ ಮೂರು ತಿಂಗಳಿಗೆ 18 ಲಕ್ಷ. ಬ್ಯಾಂಕಿನಲ್ಲಿದೆ ಅಂತ ತೋರಿಸಿದ 3 ಕೋಟಿ 60 ಲಕ್ಷದೊಳಗೆ ನಮ್ಮ ಈ ಬೆವರಿನ ದುಡ್ಡೂ ಇತ್ತು. ಅವರ ರನ್‌ವೇಯ ಕೊನೆಯ ತುಂಡನ್ನು ಹಾಕಿದವರು ನಾವೇ. ಸ್ಥಾಪಕರು, ‘ಒಳ್ಳೆ ಪ್ರಶ್ನೆ ಕೇಳಿದಿರಿ, ಅಕೌಂಟ್ಸ್‌ನವರ ಹತ್ತಿರ ಮಾತಾಡಿ ಹೇಳುತ್ತೇನೆ’ ಅಂದರು.

ನಾವು ಅಲ್ಲಿಗೇ ಬಿಡಲಿಲ್ಲ. ಅವತ್ತು ರಾತ್ರಿಯೇ ಗ್ರೂಪಿನಲ್ಲಿ ಸೇರಿ, ಯಾರಿಗೆ ಯಾವ ತಿಂಗಳ ಎಷ್ಟು ಸುದ್ದಿಯ ದುಡ್ಡು ಬರಬೇಕು ಅಂತ ಲಿಂಕ್ ಸಮೇತ ಪಟ್ಟಿ ಮಾಡಿದೆವು. ಎರಡು ಮಾತು ಬರೆದು ಮೇಲ್ ಕಳಿಸಿದೆವು: ಹೊಸ ದರ ಮುಂದಿನ ಸುದ್ದಿಗೆ ಮಾತ್ರ, ಹಳೆಯದಕ್ಕೆ 300ರ ದರವೇ ಕೊಡಬೇಕು. ಬಾಕಿ ಯಾವ ತಾರೀಕಿಗೆ ಬರುತ್ತದೆ ಅಂತ ಬರವಣಿಗೆಯಲ್ಲಿ ಬೇಕು. 48 ಜನ ಹೆಸರು ಹಾಕಿದರು. ಉಳಿದವರಿಗೆ ಹೆದರಿಕೆ, ಅದೂ ಸಹಜವೇ.

ಉತ್ತರ ಬರಲು 9 ದಿನ ಹಿಡಿಯಿತು. ಹಳೆಯ ದರಕ್ಕೆ ಒಪ್ಪಿದರು. ಬಾಕಿ ಎರಡು ಕಂತಿನಲ್ಲಿ ಅಂದರು. ಮೊದಲ ಕಂತು ಹೇಳಿದ ದಿನವೇ ಬಂತು. ಎರಡನೆಯದರ ತಾರೀಕು ಬರುವ 25. ಆ ಮೇಲ್‌ನ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೇವೆ.