ನಗೆಯ ಭಾಷಾಂತರ

ಪುಷ್ಯ ಶುದ್ಧ ಪೌರ್ಣಿಮೆಗೆ, ಎಂದರೆ ಬನದ ಹುಣ್ಣಿಮೆಗೆ, ಚೊಳಚಗುಡ್ಡದ ಬನಶಂಕರಿಯ ತೇರು ಸಾಗುತ್ತದೆ. ತೇರು ಎಳೆದ ಮಾತ್ರಕ್ಕೆ ಜಾತ್ರೆ ಮುಗಿಯುವುದಿಲ್ಲ. ವೃತ್ತಿ ನಾಟಕ ಕಂಪನಿಗಳು ಅಲ್ಲಿ ಬೀಡುಬಿಟ್ಟು ರಾತ್ರಿಯೆಲ್ಲ ಆಟವಾಡುತ್ತವೆ. ಕತೆಯನ್ನು ಅರೆಗಳಿಗೆ ಬದಿಗಿಟ್ಟು ಹಾಸ್ಯಗಾರನು ನೇರವಾಗಿ ಪ್ರೇಕ್ಷಕರೊಡನೆ ಮಾತಿಗಿಳಿಯುವುದು ಆ ಆಟಗಳಲ್ಲಿ ರೂಢಿ. ಆದುದರಿಂದ ಇಂಗ್ಲಿಷರು ಸ್ಟ್ಯಾಂಡ್-ಅಪ್ ಎಂದು ಕರೆಯುವ, ಒಬ್ಬನೇ ನಿಂತು ನಗಿಸುವ ಕಲೆಯು ಈ ಸೀಮೆಗೆ ತೀರ ಪರಕೀಯವಲ್ಲ. ಬೀಚಿಯವರ ಹಾಸ್ಯವನ್ನು ಗಂಗಾವತಿ ಪ್ರಾಣೇಶರು ಉತ್ತರ ಕರ್ನಾಟಕದ ಮಾತಿನಲ್ಲಿಯೇ ವೇದಿಕೆಗೆ ತಂದುದನ್ನು ವಾಚಕರು ಬಲ್ಲರು. ತೊಡಕು ಏಳುವುದು, ಇಂಗ್ಲಿಷಿನಲ್ಲಿ ಬರೆದ ನಗೆಮಾತನ್ನು ಕನ್ನಡಿಸಿ ಈ ಜಾತ್ರೆಯ ಜನರ ಮುಂದೆ ಇಡಬೇಕಾದಾಗ.

ಈ ತೊಡಕಿಗೆ ಮಮ್ಮಟನ ಕಾವ್ಯಪ್ರಕಾಶದಲ್ಲಿ ಒಂದು ಒರೆಗಲ್ಲು ದೊರೆಯುತ್ತದೆ. ಒಂದು ಶಬ್ದವನ್ನು ತೆಗೆದು ಅದರ ಪರ್ಯಾಯವನ್ನಿಟ್ಟರೂ ಚಮತ್ಕಾರ ಉಳಿದರೆ ಅದು ಅರ್ಥಾಲಂಕಾರ, ಅಳಿದರೆ ಶಬ್ದಾಲಂಕಾರ. ನಗೆಮಾತನ್ನು ಮೊದಲು ಇಂಗ್ಲಿಷಿನಲ್ಲಿಯೇ ಹೀಗೆ ಒರೆಗೆ ಹಚ್ಚಿ ನೋಡಬೇಕು. ಅರ್ಥದಲ್ಲಿರುವ ನಗೆಯು ಹೊಳೆ ದಾಟೀತು. ಶಬ್ದದಲ್ಲಿರುವುದು ಸಾಮಾನ್ಯವಾಗಿ ದಾಟದು. ಆದರೆ ದೈವವಶಾತ್ ದಾಟುವುದೂ ಉಂಟು.

ಒಂದು ಹಳೆಯ ಮಾತು ಹೀಗಿದೆ: ಕುಡಿತವನ್ನು 'ವಾಚ್' ಮಾಡೆಂದು ವೈದ್ಯರು ಹೇಳಿದರು, ಅಂದಿನಿಂದ ಕನ್ನಡಿಯ ಮುಂದೆ ಕುಡಿಯುತ್ತಿದ್ದೇನೆ. ವಾಚ್ ಎಂದರೆ ಎಚ್ಚರವಹಿಸು, ಕಣ್ಣಿನಿಂದ ನೋಡು ಎಂದು ಎರಡರ್ಥ. ಭಾಗ್ಯವಶದಿಂದ ನಮ್ಮ 'ನೋಡಿಕೊಳ್ಳು' ಎಂಬ ಕ್ರಿಯಾಪದದಲ್ಲಿಯೂ ಇವೆರಡೂ ಇವೆ. ತನ್ನನ್ನು ತಾನೇ ನೋಡುವುದೆಂಬ ಅರ್ಥವು ಮೂಲಕ್ಕಿಂತಲೂ ಹೆಚ್ಚು. ಆದರೂ 'ಕನ್ನಡಿಯ ಮುಂದೆ ಕುಳಿತು ಕುಡಿಯುತ್ತಿದ್ದೇನೆ' ಎಂದು ಹೇಳಿದರೆ ಜನ ನಗುವುದಿಲ್ಲ. ಇಂಗ್ಲಿಷಿನಲ್ಲಿ ಕನ್ನಡಿಯೇ ಕೊನೆಯ ಪದ. ಕನ್ನಡದಲ್ಲಿ ಕ್ರಿಯಾಪದವು ಬಾಲದಂತೆ ಹಿಂದೆ ಉಳಿಯುತ್ತದೆ. ನಗಬೇಕಾದವನು ಬಾಯಿ ತೆರೆಯುವ ಹೊತ್ತಿಗೆ ವಕ್ತಾರನು ಇನ್ನೂ ಮಾತಾಡುತ್ತಿರುತ್ತಾನೆ. ಅದನ್ನು ಹೀಗೆ ತಿರುಗಿಸಬೇಕು: "ಡಾಕ್ಟರು ಅಂದ್ರು, ಕುಡಿಯೂದು ಸ್ವಲ್ಪ ನೋಡ್ಕೋರಿ ಅಂತ. ಅಂದಿನಿಂದ ಕುಡಿಯೂದೆಲ್ಲಾ ಕನ್ನಡಿ ಮುಂದ." ವಿಭಕ್ತಿಪ್ರತ್ಯಯಗಳ ಬಲದಿಂದ ಕನ್ನಡದ ಪದಗಳು ಸ್ಥಾನ ಬದಲಿಸಬಲ್ಲವು, ಕ್ರಿಯಾಪದವನ್ನು ಬಿಟ್ಟುಬಿಡಲೂ ಬರುತ್ತದೆ. ಬರೆಯುವವರು ವ್ಯಾಕರಣಶುದ್ಧಿಯ ಹಂಬಲದಿಂದ ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ.

ಇನ್ನೊಂದು: ಬ್ಯಾಂಕಿನಲ್ಲಿದ್ದೆ, 'ಇಂಟರೆಸ್ಟ್' ಹೋಯಿತು, ಬಿಟ್ಟೆ. ಇಲ್ಲಿ ಬಡ್ಡಿ, ಆಸಕ್ತಿ ಎಂಬ ಎರಡರ್ಥಗಳಿಗೆ ನಮ್ಮಲ್ಲಿ ಒಂದೇ ಶಬ್ದವಿಲ್ಲ. ಎರಡನ್ನೂ ವಿವರಿಸಿ ಹೇಳುವುದು ಸತ್ತ ನಗೆಗೆ ಶ್ರಾದ್ಧ ಮಾಡಿದಂತೆ. ಶಬ್ದವನ್ನು ಕೈಬಿಟ್ಟು, ಬ್ಯಾಂಕು, ಬೇಸತ್ತ ನೌಕರ, ಕೊನೆಯ ಒಂದೇ ಮಾತಿನ ತಿರುವು, ಇಷ್ಟನ್ನು ಉಳಿಸಿಕೊಂಡು ಕನ್ನಡದ ಶಬ್ದಭಂಡಾರವನ್ನೇ ಹುಡುಕಬೇಕು. "ಬ್ಯಾಂಕಿನ್ಯಾಗ ಇದ್ದೆ. ಊರಿಗೆಲ್ಲಾ ಕೊಟ್ಟದ್ದು ಸಾಲ. ನನಗ ಕೊಟ್ಟ ಪಗಾರ? ಸಾಲದು." ಇಲ್ಲಿ ಶ್ಲೇಷವು ಹೋಗಿ ಯಮಕದ ಛಾಯೆ ಬಂದಿತು, ಅಷ್ಟು ನಷ್ಟವನ್ನು ಒಪ್ಪಲೇಬೇಕು. ಆಡುಮಾತಿನಂತೆ 'ಸಾಲಂಗಿಲ್ಲ' ಎಂದರೆ ಮೊನೆಯು ಮೊಂಡಾಗುವುದರಿಂದ ಈ ಒಂದೆಡೆ ಗ್ರಂಥಸ್ಥ ರೂಪವೇ ಲೇಸು.

ನುಡಿಗಟ್ಟುಗಳ ಸಂಗತಿ ಬೇರೆ. ಬೆಕ್ಕು ನಾಯಿಗಳ ಮಳೆ ಸುರಿಯಿತೆಂದು ಇಂಗ್ಲಿಷರು ಹೇಳಿ, ಬಳಿಕ ಆ ನಾಯಿಯನ್ನು ನಿಜವಾದ ನಾಯಿಯೆಂದೇ ಹಿಡಿದು ನಗಿಸುತ್ತಾರೆ. ಅದನ್ನು 'ಧೋ ಎಂದು ಮಳೆ' ಎಂದು ಕನ್ನಡಿಸಿದರೆ ಅರ್ಥ ಬರುತ್ತದೆ, ನಾಯಿ ಓಡಿಹೋಗುತ್ತದೆ. ಅಕ್ಷರಶಃ ಹಿಡಿಯಲು ಬರುವಂಥ ಚಿತ್ರವುಳ್ಳ ನುಡಿಗಟ್ಟೇ ಬೇಕು. ಕುಂಭ, ದ್ರೋಣ ಎರಡೂ ಹಳೆಯ ಅಳತೆಗಳು. ಆದರೆ ದೊಡ್ಡಾಟ ಕಂಡ ಜನರ ಕಿವಿಗೆ ಅವು ಹೆಸರುಗಳು. "ನಿನ್ನೆ ಕುಂಭದ್ರೋಣ ಮಳಿ. ದ್ರೋಣ ಬಂದ, ಹೋದ. ಕುಂಭಕರ್ಣ ಮಾತ್ರ ಇನ್ನೂ ಮನ್ಯಾಗ ಮಲಗ್ಯಾನ. ನನ್ನ ಅಳಿಯ!"

ಅಳಿಯನನ್ನು ಇಲ್ಲಿ ತಂದುದಕ್ಕೆ ಕಾರಣವಿದೆ. ಇಂಗ್ಲಿಷ್ ಹಾಸ್ಯಗಾರನ ನಿತ್ಯದ ಬಲಿಪಶು ಹೆಂಡತಿಯ ತಾಯಿ. ಈ ಸೀಮೆಯಲ್ಲಿ ಅತ್ತೆಯೆಂದರೆ ಎಷ್ಟೋ ಮನೆಗಳಲ್ಲಿ ತಂದೆಯ ಒಡಹುಟ್ಟಿದವಳು, ಅಳಿಯನನ್ನು ತೊಡೆಯ ಮೇಲೆ ಆಡಿಸಿದವಳು. ಅತ್ತೆಯ ಜಗಳವೇನಿದ್ದರೂ ಸೊಸೆಯೊಡನೆ. ಗಂಡನ ಬಾಯಿಂದ ಅವಳನ್ನು ಹಳಿಸಿದರೆ ಮುಂದಿನ ಸಾಲಿನ ಹೆಂಗಸರು ಮುಖ ತಿರುಗಿಸುತ್ತಾರೆ. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ತಳವೂರಿದ ಅಳಿಯನ ಮೇಲೆ ಅದೇ ಬಾಣವನ್ನು ಬಿಡಿಸಿ, ಬಿಡುವವಳು ಅತ್ತೆಯೇ ಎಂದು ಮಾಡಿದರೆ, ಮೂಲದ ಕುಚೋದ್ಯವೆಲ್ಲ ತಾನಾಗಿ ಬರುತ್ತದೆ.

ಬರಹವು ಸಿದ್ಧವಾದ ಮೇಲೆ ಇಂಗ್ಲಿಷ್ ಅರಿಯದ ಒಬ್ಬರ ಮುಂದೆ ಗಟ್ಟಿಯಾಗಿ ಓದಬೇಕು. ಮೂಲವನ್ನು ಬಲ್ಲವರು ನೆನಪಿನಿಂದಲೇ ನಗುತ್ತಾರೆ. ಅವರ ನಗೆ ಪ್ರಮಾಣವಲ್ಲ. ಕೇಳಿದವರು "ಅಂದ್ರ?" ಎಂದು ಕೇಳಿದೆಡೆಯಲ್ಲಿ ಒಂದು ಗೆರೆ ಎಳೆದು, ಆ ಸಾಲನ್ನು ತಿದ್ದುವ ಗೊಡವೆಗೆ ಹೋಗದೆ, ಹೊಡೆದುಹಾಕಿ ಬೇರೆಯದನ್ನು ಬರೆಯುವುದು ಕಡಿಮೆ ಶ್ರಮದ ಕೆಲಸ.