ಹುಣಸೆಬೀಜ ಬಂಗಾರ ಆಗಲೇಬೇಕಾ?

ಮಕ್ಕಳ ಭಕ್ತಿಕಥೆಗಳ ಯೂಟ್ಯೂಬ್ ಚಾನೆಲ್ ಒಂದಕ್ಕೆ ಆಗಾಗ ನಿರೂಪಣೆ ಬರೆದುಕೊಡುತ್ತೇನೆ. ಹಗಲೆಲ್ಲ ಆಫೀಸಿನಲ್ಲಿ ಕೋಡ್ ಬರೆದು ಸುಸ್ತಾದವನಿಗೆ ರಾತ್ರಿ ಹೊತ್ತು ಕನ್ನಡ ಟೈಪ್ ಮಾಡುವುದೇ ಒಂದು ಖುಷಿ. ಈ ಸಲ ಬಂದ ವಿಷಯ ಮಧ್ವಾಚಾರ್ಯರ ಬಾಲ್ಯ. ಒಟ್ಟು ನಾಲ್ಕು ನಿಮಿಷ, ಕೇಳುವವರು ನಾಲ್ಕರಿಂದ ಎಂಟು ವರ್ಷದ ಮಕ್ಕಳು.

ಕಥೆಗಳಿಗೇನೂ ಬರವಿಲ್ಲ. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದ ಶುರುವಿನ ಸರ್ಗಗಳಲ್ಲಿ ಬೇಕಾದಷ್ಟಿವೆ. ಉಡುಪಿ ಹತ್ತಿರದ ಪಾಜಕದಲ್ಲಿ 13ನೇ ಶತಮಾನದಲ್ಲಿ ಹುಟ್ಟಿದ ಮಗು, ಹೆಸರು ವಾಸುದೇವ. ಅಮ್ಮ ಇಲ್ಲದಾಗ ಅಳುತ್ತಿದ್ದ ಮಗುವಿಗೆ ಅಕ್ಕ ಬೇಯಿಸಿದ ಹುರುಳಿ ತಿನ್ನಿಸಿದ ಕಥೆ ಇದೆ. ಮನೆಯ ಎತ್ತಿನ ಬಾಲ ಹಿಡಿದುಕೊಂಡು ಕಾಡಿಗೆ ಹೋಗಿ ಸಂಜೆ ವಾಪಸ್ ಬಂದ ಕಥೆ ಇದೆ. ಹುರುಳಿ ಕಥೆ ಚೆನ್ನಾಗಿದೆ, ಆದರೆ ನಲವತ್ತು ಸೆಕೆಂಡಿಗೆ ಮುಗಿದುಹೋಗುತ್ತದೆ. ಎತ್ತಿನ ಕಥೆ ನೋಡಿದ ಮಗು ಮಾರನೇ ದಿನ ಬೀದಿ ಹಸುವಿನ ಬಾಲಕ್ಕೆ ಕೈ ಹಾಕಿದರೆ ಅಪ್ಪ ಅಮ್ಮ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ :)

ನಾನು ಆರಿಸಿಕೊಂಡಿದ್ದು ಹುಣಸೆಬೀಜದ ಕಥೆ. ಅಪ್ಪ ಎತ್ತು ಕೊಂಡಿದ್ದಾರೆ, ದುಡ್ಡು ಕೊಟ್ಟಿಲ್ಲ. ಎತ್ತು ಮಾರಿದವನು ಬಂದು ಬಾಗಿಲಲ್ಲೇ ಕೂತಿದ್ದಾನೆ. ಸಾಲದವನು ಕಾಯುತ್ತಿರುವಾಗ ಅಪ್ಪ ಊಟಕ್ಕೆ ಏಳುವ ಹಾಗಿಲ್ಲ. ಮಗು ಒಂದಷ್ಟು ಹುಣಸೆಬೀಜ ತಂದು ಆ ವ್ಯಾಪಾರಿಯ ಕೈಗೆ ಹಾಕುತ್ತದೆ, ಅವನು ಅದನ್ನೇ ತೆಗೆದುಕೊಂಡು ಹೋಗುತ್ತಾನೆ. ಮುಂದೊಂದು ದಿನ ಅಪ್ಪ ದುಡ್ಡು ಕೊಡಲು ಹೋದರೆ ‘ನಿಮ್ಮ ಮಗ ಆಗಲೇ ಕೊಟ್ಟಾಯಿತು’ ಅನ್ನುತ್ತಾನೆ. ಇಷ್ಟೇ ಕಥೆ.

ಮೊದಲು ಲೆಕ್ಕ. ನಮ್ಮಲ್ಲಿ ಓದುವ ಅಕ್ಕ ಮಕ್ಕಳಿಗಾಗಿ ಓದುವಾಗ ನಿಮಿಷಕ್ಕೆ ಸುಮಾರು 90 ಪದ ಓದುತ್ತಾರೆ. ನಾಲ್ಕು ನಿಮಿಷದಲ್ಲಿ ಮೊದಲ ಹಾಡು, ಕೊನೆಯ ಗಂಟೆ ಸದ್ದು, ನಡುವಿನ ಮೌನಗಳಿಗೆ ಒಂದು ನಿಮಿಷ ಹೋಯಿತು ಅಂದುಕೊಳ್ಳಿ. ಉಳಿದದ್ದು 270 ಪದ. ಈ ಬ್ಲಾಗ್ ಬರಹಕ್ಕಿಂತ ಎಷ್ಟೋ ಚಿಕ್ಕದು.

ಎರಡನೆಯದು ಹೆಸರು. ಅದೇ ಚಾನೆಲ್ಲಿನಲ್ಲಿ ಕೃಷ್ಣನ ಕಥೆ ಕೇಳಿದ ಮಕ್ಕಳಿಗೆ ‘ವಸುದೇವ’ ಅಂದರೆ ಬುಟ್ಟಿ ಹೊತ್ತು ಯಮುನೆ ದಾಟಿದ ಅಪ್ಪ. ಕಾಗದದ ಮೇಲೆ ವಸುದೇವನಿಗೂ ವಾಸುದೇವನಿಗೂ ಒಂದು ದೀರ್ಘದ ವ್ಯತ್ಯಾಸ ಕಾಣುತ್ತದೆ, ಹಿಂದೆ ಸಂಗೀತ ಸೇರಿದ ಮೇಲೆ ಕಿವಿಗೆ ಅದೂ ಸಿಗುವುದಿಲ್ಲ. ಹಾಗಾಗಿ ಶುರುವಿನಲ್ಲೇ ಪಾಜಕ ಅನ್ನುವ ಊರಿನ ಹೆಸರು ಹೇಳಿ, ಆಮೇಲೆ ಎಲ್ಲ ಕಡೆಯೂ ‘ಪುಟ್ಟ ವಾಸುದೇವ’ ಅಂತಲೇ ಬರೆದೆ. ‘ಪುಟ್ಟ’ ಅನ್ನುವುದು ಮುದ್ದಿಗಲ್ಲ, ಗುರುತಿಗೆ.

ನಿಜವಾದ ಕಷ್ಟ ಇರುವುದು ವಾಕ್ಯದಲ್ಲಿ. ನಮ್ಮ ಕನ್ನಡದಲ್ಲಿ ವಿಶೇಷಣವೆಲ್ಲ ಮೊದಲು ಬಂದು, ಯಾರ ಬಗ್ಗೆ ಅನ್ನುವುದು ಆಮೇಲೆ ಬರುತ್ತದಲ್ಲ, ಓದುವಾಗ ತೊಂದರೆಯಿಲ್ಲ. ಪುಸ್ತಕದ ಧಾಟಿಯಲ್ಲಿ ಈ ಕಥೆ ಬರೆದರೆ ಹೀಗಿರುತ್ತದೆ:

“ಹಿಂದೆ ತಾನು ಮಾರಿದ್ದ ಎತ್ತಿನ ಹಣವನ್ನು ಕೇಳಲು ಬಂದು ಬಾಗಿಲಲ್ಲೇ ಕುಳಿತಿದ್ದ ವ್ಯಾಪಾರಿಯನ್ನು ವಾಸುದೇವನು ನೋಡಿದನು.”

ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಆದರೆ ಕಿವಿಯಿಂದ ಕೇಳುವ ಐದು ವರ್ಷದ ಮಗು ‘ತಾನು’ ಯಾರು ಅಂತ ಗೊತ್ತಾಗಲು ಎಂಟು ಪದ ಕಾಯಬೇಕು. ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ಬಂದು ಹೋಗಿರುತ್ತದೆ. ಅದನ್ನೇ ಬಿಡಿಸಿದರೆ:

“ಬಾಗಿಲಲ್ಲಿ ಒಬ್ಬ ವ್ಯಾಪಾರಿ ಕೂತಿದ್ದ. ಅಪ್ಪಯ್ಯ ಅವನ ಹತ್ತಿರ ಒಂದು ಎತ್ತು ತಗೊಂಡಿದ್ದರು. ದುಡ್ಡು ಇನ್ನೂ ಕೊಟ್ಟಿರಲಿಲ್ಲ. ಅದನ್ನ ಕೇಳೋಕೆ ಅವನು ಬಂದಿದ್ದ.”

ಪದ ಹೆಚ್ಚಾಯಿತು, ನಿಜ. ಆದರೆ ಪ್ರತಿ ವಾಕ್ಯಕ್ಕೂ ಒಂದೊಂದು ಚಿತ್ರ ಸಿಕ್ಕಿತು. ‘ಸಾಲ’ ಅನ್ನುವ ಪದವನ್ನು ಬೇರೆಯಾಗಿ ವಿವರಿಸುವ ಕೆಲಸವೂ ತಪ್ಪಿತು.

ಮಾತುಕತೆಗೂ ಇದೇ ಗತಿ. ‘ಎಂದರು’, ‘ಅಂದ’ ಎಲ್ಲ ಕೊನೆಗೆ ಬರುತ್ತವೆ, ಓದುವವರು ಒಬ್ಬರೇ ಆದ್ದರಿಂದ ಮಾತು ಯಾರದ್ದು ಅಂತ ಮಾತು ಮುಗಿದ ಮೇಲೆ ತಿಳಿಯುತ್ತದೆ. ಅದಕ್ಕೆ “ಪುಟ್ಟ ವಾಸುದೇವ ಕೇಳಿದ: ಅಪ್ಪಯ್ಯ, ಊಟಕ್ಕೆ ಬರೋದಿಲ್ವಾ?” ಅಂತ ಹೆಸರನ್ನು ಮುಂದೆ ತಂದೆ. ‘ಕೇಳಿದ’ ಅಂತ ಏಕವಚನ ಹಾಕಿದ್ದಕ್ಕೆ ಚಾನೆಲ್ಲಿನ ಹಿರಿಯರೊಬ್ಬರು ಮುಖ ಗಂಟು ಹಾಕಿದರು. ಆಚಾರ್ಯರಿಗೆ ಏಕವಚನವೇ? ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಪ್ಪಯ್ಯನ ಪಂಚೆ ಹಿಡಿದು ಎಳೆಯುವ ಮಗುವಿಗೆ ‘ಕೇಳಿದರು’ ಅಂದರೆ ಕೇಳುವ ಮಗು ಅಲ್ಲಿ ಇನ್ನೊಬ್ಬ ದೊಡ್ಡವರನ್ನು ಹುಡುಕುತ್ತದೆ. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ಕಥೆಯ ಉದ್ದಕ್ಕೂ ಏಕವಚನ, ಕೊನೆಯ ವಾಕ್ಯದಲ್ಲಿ ಮಾತ್ರ “ಈ ಪುಟ್ಟ ವಾಸುದೇವನೇ ಮುಂದೆ ಮಧ್ವಾಚಾರ್ಯರಾದರು”. ಆ ‘ರು’ ಬರುವಾಗ ಚಿತ್ರವೂ ಬದಲಾಗುತ್ತದೆ.

ಇಷ್ಟೆಲ್ಲ ಸುಲಭವಾಗಿಯೇ ಮುಗಿಯಿತು. ಜಗಳ ಆಗಿದ್ದು ಬಂಗಾರಕ್ಕೆ.

ಬೀಜ ವ್ಯಾಪಾರಿಯ ಕೈಗೆ ಬಿದ್ದ ಕೂಡಲೇ ಫಳಫಳ ಹೊಳೆದು ಚಿನ್ನದ ನಾಣ್ಯ ಆಗಬೇಕು ಅಂತ ಎಡಿಟರ್ ಹಟ. ಹಾಗೆ ಹೇಳುವ ರೂಢಿಯೂ ಇದೆ, ಅವರೇನೂ ಹೊಸದಾಗಿ ಕಟ್ಟಿದ್ದಲ್ಲ. ಅವರ ವಾದವೂ ಹಗುರದ್ದಲ್ಲ. ಅಂಗೈ ಅಗಲದ ಮೊಬೈಲ್ ಪರದೆಯಲ್ಲಿ ಕಂದು ಬೀಜ ಕಂದಾಗಿಯೇ ಉಳಿದರೆ ಏನಾಯಿತು ಅಂತ ಮಗುವಿಗೆ ಹೇಗೆ ತಿಳಿಯಬೇಕು?

ನನ್ನ ವಾದ ಇಷ್ಟು. ಚಿನ್ನ ಆದರೆ ವ್ಯಾಪಾರಿ ಅದನ್ನು ತೆಗೆದುಕೊಂಡು ಹೋಗಿದ್ದರಲ್ಲಿ ಹೆಚ್ಚೇನಿದೆ? ಕೊಟ್ಟರೆ ನಾನೂ ತಗೋತೀನಿ, ನೀವೂ ತಗೋತೀರಿ. ಬೀಜ ಬೀಜವಾಗಿದ್ದರೇ ಅವನು ಏನೋ ಒಂದನ್ನು ಕಂಡಿರಬೇಕು. ಕಥೆಯಲ್ಲಿ ಬದಲಾಗುವವನು ಅವನು, ಬೀಜವಲ್ಲ. ಇದೇ ಕಾರಣಕ್ಕೆ ಅವನು ಬಂದಾಗ ಖಳನಾಯಕನ ಸಂಗೀತವೂ ಬೇಡ ಅಂದೆ. ಪಾಪ, ಅವನು ಕೇಳುತ್ತಿರುವುದು ತನ್ನದೇ ದುಡ್ಡು.

ಇನ್ನೊಂದು ಭಯವೂ ಇತ್ತು. ಅಪ್ಪನ ಹೋಮ್ ಲೋನ್ ಮಾತು ದಿನಾ ಕೇಳುವ ಮಗು ‘ಹುಣಸೆಬೀಜ ಕೊಟ್ಟರೆ ಸಾಲ ತೀರುತ್ತೆ’ ಅಂತ ತಿಳಿದುಕೊಂಡರೆ? ಅದಕ್ಕೆ ಅಪ್ಪಯ್ಯ ಆಮೇಲೆ ದುಡ್ಡು ಹಿಡಿದುಕೊಂಡು ಹೋಗುವ ದೃಶ್ಯ ಇರಲೇಬೇಕು ಅಂತ ಪಟ್ಟು ಹಿಡಿದೆ. ಸಾಮಾನ್ಯವಾಗಿ ಸಮಯ ಸಾಲದೆ ಇಂಥ ದೃಶ್ಯವೇ ಮೊದಲು ಕತ್ತರಿಗೆ ಸಿಗುವುದು. ಅದಕ್ಕೆ ಮೂವತ್ತೈದು ಪದ ಬೇಕಿತ್ತು, ಪಾಜಕದ ತೋಟ, ಕೆರೆ, ಹಕ್ಕಿಗಳ ವರ್ಣನೆ ಅಳಿಸಿ ಕೊಟ್ಟೆ. ಹಕ್ಕಿಗಳು ಹೇಗೂ ಚಿತ್ರದಲ್ಲಿ ಇರುತ್ತವಲ್ಲ...

ಚಿನ್ನದ ಜಾಗಕ್ಕೆ ಬರೆದದ್ದು ಇದು:

“ವ್ಯಾಪಾರಿ ಬೀಜ ನೋಡಿದ. ಮಗುವಿನ ಮುಖ ನೋಡಿದ. (ನಾಲ್ಕು ಸೆಕೆಂಡ್ ಮೌನ, ಸಂಗೀತವೂ ಇಲ್ಲ) ಮುಷ್ಟಿ ಮುಚ್ಚಿಕೊಂಡ. ಎದ್ದು ನಿಂತ.”

ಮೌನವನ್ನು ಸೆಕೆಂಡಿನಲ್ಲಿ ಬರೆಯಲೇಬೇಕು. ಸುಮ್ಮನೆ ಚುಕ್ಕಿ ಹಾಕಿ ಬಿಟ್ಟರೆ ಓದುವವರು ಒಂದು ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಾರೆ, ಎಡಿಟ್ ಮಾಡುವವರು ಉಳಿದ ಖಾಲಿ ಜಾಗವನ್ನೂ ಕತ್ತರಿಸುತ್ತಾರೆ. ಓದುವ ಅಕ್ಕ ‘ಅವನ ಮನಸ್ಸು ಕರಗಿತು ಅಂತ ಒಂದು ಮಾತು ಸೇರಿಸೋಣವಾ?’ ಅಂದರು. ಬೇಡ ಅಂದೆ. ಆ ನಾಲ್ಕು ಸೆಕೆಂಡ್ ಇರುವುದು ಮಗು ತನ್ನ ಪಕ್ಕ ಕೂತ ಅಜ್ಜಿಯನ್ನು ‘ಯಾಕೆ?’ ಅಂತ ಕೇಳಲಿಕ್ಕೆ.

ವಿಡಿಯೋ ಸಿದ್ಧವಾಗಿ ಬಂತು. ನಾಣ್ಯ ಇಲ್ಲ, ಮೌನ ಮೂರೇ ಸೆಕೆಂಡ್ ಇದೆ. ಬೀಜಗಳ ಮೇಲೆ ಮಾತ್ರ ಎಡಿಟರ್ ಸಣ್ಣಗೆ ಒಂದು ಹೊಳಪು ಹರಿಸಿದ್ದಾರೆ. ಹುಣಸೆಬೀಜ ತೊಳೆದರೆ ಹೇಗೂ ಹೊಳೆಯುತ್ತದೆ ಅಂತ ನಾನೂ ಸುಮ್ಮನಾದೆ.