ಹತ್ತಿಗಿ ಬೆಂಕಿ ಹತ್ತಿ

ನಮ್ಮ ರಾವೂರಿನ ಕಡೆ ಯಾರಾದರೂ “ಹತ್ತಿಗಿ ಬೆಂಕಿ ಹತ್ತಿ ಹತ್ತು ಚೀಲ ಸುಟ್ಟವು” ಅಂದರೆ ಕೇಳಿದವರು ಒಂದು ಕ್ಷಣವೂ ತಡವರಿಸುವುದಿಲ್ಲ. ಮೊದಲನೆಯದು ಬೆಳೆ, ಎರಡನೆಯದು ಬೆಂಕಿಯ ಕೆಲಸ, ಮೂರನೆಯದು ಲೆಕ್ಕ. ಕಿವಿಗೆ ಮೂರೂ ಒಂದೇ ನಾದ. ಆದರೂ ಯಾರೂ “ಯಾವ ಹತ್ತಿ?” ಎಂದು ತಿರುಗಿ ಕೇಳುವುದಿಲ್ಲ. ನಾನಾರ್ಥ ಎಂದರೆ ಶಾಲೆಯಲ್ಲಿ ನಾವು ಕಲಿತದ್ದು ಒಂದು ಪಟ್ಟಿ: ಕರ ಎಂದರೆ ಕೈ, ತೆರಿಗೆ, ಕಿರಣ, ಅಡಿ ಎಂದರೆ ಪಾದ, ಕೆಳಗೆ, ಅಳತೆ. ಪಟ್ಟಿ ಬಾಯಿಪಾಠವಾಗುತ್ತದೆ, ಅಂಕವೂ ಬರುತ್ತದೆ. ಆದರೆ ಒಂದೇ ಶಬ್ದಕ್ಕೆ ಇಷ್ಟು ಅರ್ಥಗಳು ಎಲ್ಲಿಂದ ಬಂದವು, ವಾಕ್ಯದೊಳಗೆ ಸರಿಯಾದದ್ದನ್ನು ನಾವು ಹೇಗೆ ಹೆಕ್ಕುತ್ತೇವೆ ಎನ್ನುವುದನ್ನು ಪಟ್ಟಿ ಹೇಳುವುದಿಲ್ಲ.

ಮೇಲಿನ ವಾಕ್ಯವನ್ನೇ ತಮಿಳಿಗೆ ಒಯ್ದು ನೋಡಿ. ಅಲ್ಲಿ ಬೆಳೆ ‘ಪರುತ್ತಿ’, ಬೆಂಕಿ ತಗಲುವುದು ‘ಪಱ್ಱು’, ಸಂಖ್ಯೆ ‘ಪತ್ತು’. ಮೂರಕ್ಕೂ ಬೇರೆ ಬೇರೆ ರೂಪ, ಗೊಂದಲಕ್ಕೆ ಜಾಗವೇ ಇಲ್ಲ. ನಮ್ಮಲ್ಲೂ ಒಂದು ಕಾಲಕ್ಕೆ ಬೆಳೆಯ ಹೆಸರು ‘ಪರ್ತಿ’ ಎಂದಿತ್ತು. ಅದರ ‘ರ್’ ಮುಂದಿನ ‘ತ’ದಲ್ಲಿ ಕರಗಿ ‘ಪತ್ತಿ’ ಆಯಿತು. ತಗಲು ಎಂಬರ್ಥದ ಧಾತುವಿನ ಗಡಸು ಱಕಾರ ಕನ್ನಡದಲ್ಲಿ ತಕಾರವಾಗಿ ಅದೂ ‘ಪತ್ತು’ ಆಯಿತು. ಸಂಖ್ಯೆ ಮೊದಲೇ ‘ಪತ್ತು’. ಆಮೇಲೆ ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾದಾಗ ಮೂರೂ ಒಟ್ಟಿಗೇ ‘ಹ’ಕ್ಕೆ ತಿರುಗಿದವು. ನಮ್ಮೂರಿನಿಂದ ಬಹಳ ದೂರವಲ್ಲದ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲಕ್ಕೆ ಬೆಂಕಿ ಇನ್ನೂ ‘ಪತ್ತು’ತ್ತಿತ್ತು.

ಅಂದರೆ ಇಲ್ಲಿ ಒಂದು ಶಬ್ದ ಮೂರು ಅರ್ಥಗಳನ್ನು ಹಡೆದದ್ದಲ್ಲ; ಮೂರು ಶಬ್ದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತದ್ದು. ಬಾಳು (ಬದುಕು) ಮತ್ತು ಬಾಳು (ಕತ್ತಿ) ಕೂಡ ಹೀಗೆಯೇ. ಮೊದಲನೆಯದರಲ್ಲಿ ೞಕಾರವಿತ್ತು, ಎರಡನೆಯದರಲ್ಲಿ ಳಕಾರ. ಆ ಹಳೆಯ ಅಕ್ಷರ ಬಿಟ್ಟುಹೋಯಿತು, ನಮಗೊಂದು ನಾನಾರ್ಥ ಸಿಕ್ಕಿತು. ಇಂಥವುಗಳಿಗೆ ನಿಘಂಟಿನಲ್ಲಿ ಬೇರೆ ಬೇರೆ ನಮೂದು ಇರಬೇಕು. ಪರೀಕ್ಷೆಯ ಪಟ್ಟಿಯಲ್ಲಿ ಮಾತ್ರ ಎಲ್ಲವೂ ಒಂದೇ ಸಾಲು.

ಆದರೆ ‘ಹತ್ತು’ ಕ್ರಿಯಾಪದದ ಕತೆ ಇದಕ್ಕೆ ತಿರುವುಮುರುವು. ಅಲ್ಲಿ ನಿಜವಾಗಿ ಒಂದೇ ಬೇರು, ಹತ್ತಾರು ಟೊಂಗೆ. ನಮ್ಮ ಕಡೆಯ ಬಳಕೆ ಕೇಳಿ: ರೊಟ್ಟಿ ಹಂಚಿಗಿ ಹತ್ತಿತು. ಅಂಗಿಗಿ ಬಣ್ಣ ಹತ್ತಿತು. ಕಾಲಿಗಿ ಕಲ್ಲು ಹತ್ತಿತು. ಕೂಸಿಗಿ ನಿದ್ದಿ ಹತ್ತಿತು. ಅಂವಗ ಚಟ ಹತ್ತಿತು. ಬೋರಿಗಿ ನೀರು ಹತ್ತಿತು. ವಾಡ್ಯಾಗ ಗಾಡಿ ಹತ್ತಿದ. ಮನಿಗಿ ಎರಡು ಲಕ್ಷ ಹತ್ತಿತು. ಇವುಗಳ ನಡುವೆ ‘ಏರು’ ಎಂಬ ಅರ್ಥವನ್ನು ಮೂಲವೆಂದು ಹಿಡಿದರೆ ಯಾವುದೂ ಹೊಂದುವುದಿಲ್ಲ. ‘ತಗಲು, ಅಂಟು’ ಎಂದು ಹಿಡಿಯಿರಿ, ಎಲ್ಲವೂ ಸಾಲಾಗಿ ನಿಲ್ಲುತ್ತವೆ. ನಿದ್ದೆ ಕಣ್ಣಿಗೆ ತಗಲುತ್ತದೆ, ರೊಕ್ಕ ಕೆಲಸಕ್ಕೆ ತಗಲುತ್ತದೆ, ಗಿಡ ಹತ್ತುವವನು ಕಾಂಡಕ್ಕೆ ಅಂಟಿಕೊಂಡೇ ಮೇಲೆ ಹೋಗುತ್ತಾನೆ. (ನಮ್ಮಲ್ಲಿ ಗಿಡ ಎಂದರೆ ಮರ. ಬೆಂಗಳೂರಿನ ಗೆಳೆಯರಿಗೆ “ಗಿಡ ಹತ್ತಿ ಕೂತಿದ್ದೆ” ಅಂದರೆ ನಗುತ್ತಾರೆ. ಅದೇ ಇನ್ನೊಂದು ನಾನಾರ್ಥ.)

ಊರಿನಲ್ಲಿ ಕಿವಿಗೆ ಬೀಳುವ ದಖನಿ ಉರ್ದುವಿನ ‘ಲಗ್‌ನಾ’ ಕೂಡ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. ಆಗ್ ಲಗೀ, ನೀಂದ್ ಲಗೀ, ಪೈಸೇ ಲಗೇ. ಮರಾಠಿಯ ‘ಲಾಗಣೆ’ಯೂ ಹಾಗೆಯೇ. ಆದರೆ ಅವೆರಡೂ ಮರ ಏರುವುದಿಲ್ಲ. ಏರುವುದಕ್ಕೆ ಅವರಿಗೆ ಬೇರೆ ಕ್ರಿಯಾಪದ ಬೇಕು.

ನೆರೆಮನೆಯ ಹುಡುಗಿಯೊಬ್ಬಳು ಹತ್ತನೆಯ ಇಯತ್ತೆಯಲ್ಲಿದ್ದಾಗ ಕಿರುಪರೀಕ್ಷೆಯ ಹಾಳೆ ತಂದು ತೋರಿಸಿದ್ದಳು. ‘ಹತ್ತು’ವಿನ ನಾನಾರ್ಥಕ್ಕೆ ಸಂಖ್ಯೆ, ಏರು ಎಂದು ಬರೆದು, ಮೂರನೆಯದಾಗಿ ‘ಖರ್ಚಾಗು’ ಎಂದು ಸೇರಿಸಿದ್ದಳು. ಅದರ ಮೇಲೆ ಕೆಂಪು ಗೀಟು. “ಅಣ್ಣಾ, ನಮ್ಮವ್ವ ದಿನಾ ಹಂಗೇ ಅಂತಾಳ, ತಪ್ಪು ಹ್ಯಾಂಗಾಯ್ತು?” ತಿದ್ದಿದವರ ಕೈಯಲ್ಲಿದ್ದ ಪಟ್ಟಿಯಲ್ಲಿ ಎರಡೇ ಅರ್ಥಗಳಿದ್ದವು. ನನ್ನ ಪ್ರಕಾರ ಆ ಹಾಳೆಯಲ್ಲಿ ಶಬ್ದವನ್ನು ನಿಜವಾಗಿ ಬಲ್ಲ ಉತ್ತರ ಗೀಟು ಬಿದ್ದದ್ದೇ. ಸಂಖ್ಯೆ ಮತ್ತು ಏರು ಎಂಬೆರಡು ಆಕಸ್ಮಿಕವಾಗಿ ಕೂಡಿದ ಪರಕೀಯರು. ಏರುವುದು ಮತ್ತು ಖರ್ಚಾಗುವುದು ಒಂದೇ ತಾಯಿಯ ಮಕ್ಕಳು.

ಹಾಗಾದರೆ ವಾಕ್ಯದಲ್ಲಿ ಅರ್ಥ ಹೆಕ್ಕುವುದು ಹೇಗೆ? ಆ ಹುಡುಗಿಯ ಜೊತೆ ಕೂತು ನಾವು ಮಾಡಿದ್ದು ಇಷ್ಟು. ಮೊದಲು ಶಬ್ದವನ್ನು ಅಲುಗಾಡಿಸಿ ನೋಡಬೇಕು. ‘ಹತ್ತು ಚೀಲ’ದ ಹತ್ತನ್ನು ಹನ್ನೊಂದು, ಹದಿಮೂರು ಎಂದು ಮುಂದುವರಿಸಬಹುದು, ‘ಹತ್ತರಲ್ಲಿ’ ಎನ್ನಬಹುದು. ಕ್ರಿಯಾಪದವಾದರೆ ಅದು ‘ಹತ್ತಿದ, ಹತ್ತಿತು, ಹತ್ತಲಿಲ್ಲ’ ಎಂದು ಬಾಗುತ್ತದೆ. ಇಷ್ಟರಲ್ಲೇ ಸಂಖ್ಯೆ ಬೇರೆಯಾಯಿತು. ಆಮೇಲೆ ಕ್ರಿಯಾಪದದ ಹಿಂದೆ ನಿಂತವರು ಯಾರು, ಯಾವ ವಿಭಕ್ತಿಯಲ್ಲಿ ನಿಂತಿದ್ದಾರೆ ಎಂದು ನೋಡಬೇಕು. ಮನುಷ್ಯನೋ ಬೆಕ್ಕೋ ಕರ್ತೃವಾಗಿ, ಮೆಟ್ಟಿಲು, ಗಿಡ, ಗಾಡಿಯಂಥದು ಪ್ರತ್ಯಯವಿಲ್ಲದೆ ಕರ್ಮವಾಗಿ ಬಂದರೆ ಅದು ಏರುವುದು. ಜೀವವಿಲ್ಲದ ವಸ್ತು ಕರ್ತೃವಾಗಿ, ಇನ್ನೊಂದು ‘ಗಿ’ (ಬರಹದಲ್ಲಿ ‘ಗೆ’) ಪ್ರತ್ಯಯದೊಡನೆ ಬಂದರೆ ತಗಲುವುದು. ಆ ಕರ್ತೃ ಬೆಂಕಿಯಾದರೆ ಉರಿಯುವುದು, ನಿದ್ದೆಯಾದರೆ ಮಲಗುವುದು, ರೊಕ್ಕವಾದರೆ ಖರ್ಚು. ಅರ್ಥ ಶಬ್ದದ ಒಳಗಿಂತ ಅದರ ನೆರೆಹೊರೆಯಲ್ಲಿ ಹೆಚ್ಚು ಇರುತ್ತದೆ.

ಈ ಉಪಾಯ ಕೈಕೊಡುವ ಕಡೆಯೂ ಉಂಟು. “ಹತ್ತಿ ತಂದ” ಎನ್ನುವಷ್ಟೇ ವಾಕ್ಯ ಕೊಟ್ಟರೆ ಸಂತೆಯಿಂದ ಹತ್ತಿ ತಂದನೋ, ಗಿಡ ಏರಿ ಹಣ್ಣು ತಂದನೋ ಹೇಳಲಾಗದು. ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಹಿಂದಿನ ಮಾತು ಬೇಕು. “ಗಿಡದಾಗ ಮಾವಿನಕಾಯಿ ಇತ್ತು” ಎಂಬ ಒಂದು ವಾಕ್ಯ ಮುಂಚೆ ಬಂದಿದ್ದರೆ ಸಾಕು, ಹತ್ತಿಯ ಹೊಲ ಯಾರ ತಲೆಗೂ ಬರುವುದಿಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಮೂರು ಪದದ ವಾಕ್ಯ ಕೊಟ್ಟು “ಸೂಕ್ತ ಅರ್ಥ ಆರಿಸಿ” ಎಂದಾಗ ಇದನ್ನು ಮರೆಯುತ್ತಾರೆ.

ಇಷ್ಟೆಲ್ಲ ಎಣಿಸಿದ ಮೇಲೂ ನಮ್ಮ ಕಡೆ ಅತಿ ಹೆಚ್ಚು ಬಳಕೆಯ ‘ಹತ್ತು’ ಲೆಕ್ಕಕ್ಕೇ ಬಂದಿಲ್ಲ. “ಮಳಿ ಬರ್ಲಾಕತ್ತದ” ಎನ್ನುತ್ತೇವಲ್ಲ, ಅದರೊಳಗೆ ಅದು ಅಡಗಿದೆ: ಬರ್ಲಾಕ, ಹತ್ತ್ಯಾದ. ಕೆಲಸಕ್ಕೆ ಕೈ ಹತ್ತಿತು ಎಂದರೆ ಕೆಲಸ ಶುರುವಾಯಿತು. ಶುರುವಾದದ್ದು ನಡೆಯುತ್ತಲೇ ಇದೆ ಎಂಬ ಅರ್ಥಕ್ಕೆ ಅದು ಜಾರಿತು. ಬರೆಯುವ ಕನ್ನಡ ‘ಬರುತ್ತಿದೆ’ ಎನ್ನುವಲ್ಲೆಲ್ಲ ನಮಗೆ ಅದೇ ಬೇಕು. ಹಕಾರ ಬಿದ್ದುಹೋಗಿ ಬಾಲದಲ್ಲಿ ‘ಅತ್ತ’ ಮಾತ್ರ ಉಳಿದಿರುವುದರಿಂದ ಅದೊಂದು ಶಬ್ದವೆಂದೇ ನಮಗೆ ಅನಿಸುವುದಿಲ್ಲ. ಹುಡುಗಿಗೆ ಇದನ್ನು ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಗೆ ಗೋಡೆ ಏರುತ್ತಿದ್ದ ತಮ್ಮನ ಕಡೆ ಬೆರಳು ಮಾಡಿದಳು. “ಅಂವ ಗ್ವಾಡಿ ಹತ್ಲಾಕತ್ತಾನ,” ಅಂದಳು. “ಅಣ್ಣಾ, ಇದ್ರಾಗ ಎರಡು ಸಲ ಅದ.”